ಕ್ರಚ್ ಹಿಡಿದು ಮಹಡಿ ಇಳಿಯುವುದು: ಎತ್ತರ, ಹೆಜ್ಜೆ, ಮೆಟ್ಟಿಲು

ಕಾಲು ಮುರಿದವರ ಮನೆಗೆ ಫಿಸಿಯೋಥೆರಪಿಗೆಂದು ಹೋದಾಗ ನಾನು ಮೊದಲು ಕ್ರಚ್ಚಿನ ಎತ್ತರ ನೋಡುತ್ತೇನೆ. ಸಾಮಾನ್ಯವಾಗಿ ಮನೆಯವರು ಯಾರೋ ಸರ್ಜಿಕಲ್ ಅಂಗಡಿಗೆ ಹೋಗಿ ‘ಮೀಡಿಯಂ’ ಎಂದು ಕೇಳಿ ತಂದಿರುತ್ತಾರೆ. ಅಂಗಡಿಯಲ್ಲಿ ಯಾವ ತೂತಿಗೆ ಗುಂಡಿ ಸಿಕ್ಕಿಸಿ ಇಟ್ಟಿದ್ದರೋ ಅದೇ ಎತ್ತರದಲ್ಲಿ ಬಳಕೆಯೂ ಶುರುವಾಗಿರುತ್ತದೆ. ಎತ್ತರ ತಪ್ಪಿದ ಕ್ರಚ್ಚಿನಲ್ಲಿ ಎಷ್ಟು ಅಭ್ಯಾಸ ಮಾಡಿದರೂ ನಡಿಗೆ ಸರಿಹೋಗುವುದಿಲ್ಲ.

ಬೆಂಗಳೂರಿನಲ್ಲಿ ತುಂಬ ಸಲ ಎದುರಾಗುವ ಒಂದು ಸಂದರ್ಭವನ್ನೇ ಇಲ್ಲಿ ಪೂರ್ತಿಯಾಗಿ ಬರೆಯುತ್ತೇನೆ. ಬಲಗಾಲಿನ ಹರಡಿನ ಮೂಳೆ ಮುರಿದು ಪ್ಲೇಟ್ ಹಾಕಿಸಿಕೊಂಡ ಮಹಿಳೆ, ಎತ್ತರ 158 ಸೆಂ.ಮೀ. ಬಾಡಿಗೆ ಮನೆ ಇರುವುದು ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಹೊರಗಿನಿಂದ ಹತ್ತುವ ಇಕ್ಕಟ್ಟು ಮೆಟ್ಟಿಲು, ಒಂದೇ ಬದಿಗೆ ಕಬ್ಬಿಣದ ಕಂಬಿ. ಸದ್ಯಕ್ಕೆ ಬಲಗಾಲನ್ನು ನೆಲಕ್ಕೆ ಊರುವಂತಿಲ್ಲ, ಆಮೇಲೆ ಸ್ವಲ್ಪ ಭಾರ, ಕೊನೆಗೆ ಪೂರ್ತಿ ಭಾರ ಎಂದು ಡಾಕ್ಟರ್ ಹೇಳಿದ್ದಾರೆ. ಎಷ್ಟು ಭಾರ, ಯಾವಾಗ ಎನ್ನುವುದನ್ನು ತೀರ್ಮಾನಿಸಬೇಕಾದವರು ಆಪರೇಷನ್ ಮಾಡಿದ ಡಾಕ್ಟರೇ. ಆ ಭಾರವನ್ನು ಹೇಗೆ ಹೊರಬೇಕು ಎನ್ನುವುದಷ್ಟೇ ನನ್ನ ಕೆಲಸ.

ಎತ್ತರ ನೋಡುವಾಗ ಹೊರಗೆ ಹಾಕುವ ಚಪ್ಪಲಿಯನ್ನೇ ಹಾಕಿಸುತ್ತೇನೆ. ಅದಕ್ಕೆ ಹಿಂದೆ ಪಟ್ಟಿ ಇರಲೇಬೇಕು, ಹವಾಯಿ ಚಪ್ಪಲಿ ಬೇಡ. ಒಟ್ಟು ಎತ್ತರದಿಂದ 40 ಸೆಂ.ಮೀ. ಕಳೆದರೆ ಕ್ರಚ್ಚಿನ ಅಂದಾಜು ಉದ್ದ ಸಿಗುತ್ತದೆ. ಇವರಿಗೆ ಅದು 118 ಸೆಂ.ಮೀ. ಇಷ್ಟಕ್ಕೆ ಹೊಂದಿಸಿಕೊಂಡು, ಗೋಡೆಗೆ ಒರಗಿ ನೇರ ನಿಲ್ಲಿಸಿ, ಭುಜ ಸಡಿಲ ಬಿಡಲು ಹೇಳುತ್ತೇನೆ. ಕ್ರಚ್ಚಿನ ತುದಿಯನ್ನು ಪಾದದಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಅಂದರೆ 15 ಸೆಂ.ಮೀ. ಮುಂದಕ್ಕೂ ಅಷ್ಟೇ ಪಕ್ಕಕ್ಕೂ ಇಟ್ಟಾಗ, ಕಂಕುಳಿಗೂ ಮೇಲಿನ ಮೆತ್ತೆಗೂ ನಡುವೆ ಎರಡು ಮೂರು ಬೆರಳು ಅಡ್ಡಡ್ಡ ಹೋಗುವಷ್ಟು ಜಾಗ ಉಳಿಯಬೇಕು. ಕೆಳಗಿನ ತೂತುಗಳಿಂದ ಇದನ್ನು ಸರಿಮಾಡಿದ ಮೇಲೆ ಹಿಡಿಯ ಸರದಿ. ಕೈಯನ್ನು ಸುಮ್ಮನೆ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಹಿಡಿ ಬರಬೇಕು. ಆಗ ಹಿಡಿದುಕೊಂಡರೆ ಮೊಣಕೈ 20ರಿಂದ 30 ಡಿಗ್ರಿ ಬಾಗಿರುತ್ತದೆ.

ಈ ಬಾಗು ಬೇಕೇ ಬೇಕು. ಹೆಜ್ಜೆ ಹಾಕುವಾಗ ಬಾಗಿದ ಮೊಣಕೈಯನ್ನು ನೆಟ್ಟಗೆ ಮಾಡಿ ಒತ್ತಿದಾಗಲೇ ಮೈ ಮೇಲೇಳುತ್ತದೆ, ಒಳ್ಳೆಯ ಕಾಲು ನೆಲ ಬಿಡುತ್ತದೆ. ಹಿಡಿ ತೀರ ಕೆಳಗಿದ್ದು ಕೈ ಮೊದಲೇ ನೆಟ್ಟಗಿದ್ದರೆ ಒತ್ತಲು ಉಳಿದಿರುವುದೇನೂ ಇಲ್ಲ, ಮೈಯೆಲ್ಲ ಹೋಗಿ ಕಂಕುಳಿನ ಮೆತ್ತೆಯ ಮೇಲೆ ಜೋತುಬೀಳುತ್ತದೆ. ಮಣಿಕಟ್ಟನ್ನೂ ಬೆರಳನ್ನೂ ಹಿಂದಕ್ಕೆ ಎತ್ತುವ ನರ ಕಂಕುಳಿನಿಂದಲೇ ತೋಳಿಗೆ ಇಳಿಯುವುದು. ಅದರ ಮೇಲೆ ದಿನವಿಡೀ ಭಾರ ಬಿದ್ದರೆ ಹೆಬ್ಬೆರಳಿನ ಬುಡದ ಹಿಂಭಾಗ ಜುಮುಗುಟ್ಟುತ್ತದೆ. ಅದನ್ನು ಅಲಕ್ಷ್ಯ ಮಾಡಿದರೆ ಮಣಿಕಟ್ಟನ್ನು ಎತ್ತಲು ಬಲ ಸಾಲದೆ ಕೈ ಜೋತುಬೀಳಬಹುದು. ಕೈ ಜುಮ್ಮೆಂದರೆ ಮೆತ್ತೆಗೆ ಇನ್ನೊಂದು ಟವೆಲ್ ಸುತ್ತಿಕೊಳ್ಳುವವರನ್ನು ನೋಡುತ್ತಿರುತ್ತೇನೆ. ಅದರಿಂದ ಕ್ರಚ್ ಇನ್ನೂ ಎತ್ತರವಾಗಿ ತೊಂದರೆ ಹೆಚ್ಚುತ್ತದೆ. ಮೆತ್ತೆ ಇರುವುದು ತೋಳಿಗೂ ಪಕ್ಕೆಗೂ ನಡುವೆ ಅಮುಕಿ ಹಿಡಿಯಲು, ಭಾರ ಹೊರುವುದು ಅಂಗೈ.

ಎತ್ತರ ತಪ್ಪಿದೆಯೆಂದು ದೂರದಿಂದಲೇ ಗೊತ್ತಾಗುತ್ತದೆ. ಭುಜ ಕಿವಿಯ ಕಡೆಗೆ ಏರಿದ್ದರೆ ಕ್ರಚ್ ಉದ್ದ ಹೆಚ್ಚು. ಬೆನ್ನು ಬಾಗಿ ಸೊಂಟ ಹಿಂದಕ್ಕೆ ಹೋಗಿದ್ದರೆ ಗಿಡ್ಡ.

ಇನ್ನು ಸಮನೆಲದ ಹೆಜ್ಜೆ. ಎರಡೂ ಕ್ರಚ್ಚನ್ನು ಒಟ್ಟಿಗೆ ಸುಮಾರು ಒಂದು ಅಡಿ ಮುಂದಿಡಬೇಕು, ಪಾದಕ್ಕಿಂತ ಸ್ವಲ್ಪ ಅಗಲವಾಗಿ. ಅಂಗೈಗಳ ಮೇಲೆ ಒತ್ತಿ ಎಡಗಾಲನ್ನು ಎತ್ತಿ ಕ್ರಚ್ಚುಗಳ ಗೆರೆಗಿಂತ ತುಸು ಹಿಂದೆ ಇಳಿಸಬೇಕು. ಗೆರೆ ದಾಟಿ ಮುಂದೆ ಹೋಗುವ ಉದ್ದ ಹೆಜ್ಜೆ ವೇಗ ಕೊಡುತ್ತದೆ, ಆದರೆ ಅದು ನಾಲ್ಕಾರು ದಿನ ಪಳಗಿದ ಮೇಲೆ. ಕ್ರಚ್ ತುದಿ ಎರಡು, ಪಾದ ಒಂದು, ಈ ಮೂರೂ ತ್ರಿಕೋನವಾಗಿದ್ದಾಗ ಮೈ ನಿಲ್ಲುತ್ತದೆ. ಮೂರೂ ಒಂದೇ ಸಾಲಿಗೆ ಬಂದರೆ ಮುಂದಕ್ಕೋ ಹಿಂದಕ್ಕೋ ವಾಲುತ್ತದೆ. ಪೆಟ್ಟಾದ ಕಾಲನ್ನು ಮಂಡಿ ಮಡಿಸಿ ಹಿಂದಕ್ಕೆ ಎತ್ತಿ ಹಿಡಿಯುವುದೂ ಇದೇ ಕಾರಣಕ್ಕೆ ಬೇಡ, ಆ ಕಾಲಿನ ತೂಕ ಹಿಂದಕ್ಕೆ ಎಳೆಯುತ್ತದೆ. ಮಂಡಿ ಸ್ವಲ್ಪವೇ ಬಾಗಿದ್ದು ಪಾದ ಮುಂದೆ ಇರಲಿ.

ನಮ್ಮ ಮನೆಗಳಲ್ಲಿ ಜಾರುವುದು ಹೆಚ್ಚಾಗಿ ಮೂರು ಜಾಗದಲ್ಲಿ: ಬೆಳಿಗ್ಗೆ ತೊಳೆದು ರಂಗೋಲಿ ಬಿಟ್ಟ ಬಾಗಿಲ ಮುಂದೆ, ಬಚ್ಚಲಿನ ಹೊಸ್ತಿಲಲ್ಲಿ, ನುಣುಪು ಗ್ರಾನೈಟಿನ ಮೇಲೆ ಹಾಸಿದ ಕಾಲೊರಸಿನ ಮೇಲೆ. ಕಾಲೊರಸನ್ನು ನಾನು ಅವತ್ತೇ ತೆಗೆಸಿಬಿಡುತ್ತೇನೆ. ನೈಟಿ ಅಥವಾ ಸೀರೆಯ ಅಂಚು ಹರಡಿಗಿಂತ ಮೇಲಿರಬೇಕು, ಲುಂಗಿ ಉಡುವವರಿಗೂ ಇದೇ ಮಾತು. ಕ್ರಚ್ಚಿನ ತುದಿಯ ರಬ್ಬರ್ ಬುಷ್ ತಿರುಗಿಸಿ ನೋಡಿ. ಅಡಿಯ ಸುತ್ತುಗೆರೆಗಳು ಸವೆದು ನುಣ್ಣಗಾಗಿದ್ದರೆ ಅಥವಾ ಒಂದೇ ಬದಿ ತೆಳುವಾಗಿದ್ದರೆ ಬದಲಾಯಿಸಬೇಕು. ಒದ್ದೆಯಾಗಿದ್ದರೆ ಒಳಗೆ ಬರುವ ಮುಂಚೆ ಒರೆಸಲೇಬೇಕು.

ಮೆಟ್ಟಿಲಿನ ವಿಷಯಕ್ಕೆ ಬರೋಣ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕ್ರಚ್ಚೂ ಪೆಟ್ಟಾದ ಕಾಲೂ ಮೊದಲು. ಬಾಯಿಪಾಠ ಮಾಡಿದವರೂ ಗಾಬರಿಯಲ್ಲಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಕಾರಣ ತಿಳಿದಿದ್ದರೆ ಮರೆಯುವುದಿಲ್ಲ. ಹತ್ತುವಾಗ ಮೈಯನ್ನು ಎತ್ತುವುದು ಮೇಲಿನ ಮೆಟ್ಟಿಲಲ್ಲಿರುವ ಕಾಲು. ಇಳಿಯುವಾಗಲೂ ಮೈಯನ್ನು ಮೆಲ್ಲಗೆ ಇಳಿಸಿಕೊಡುವುದು ಮೇಲಿನ ಮೆಟ್ಟಿಲಲ್ಲೇ ಉಳಿದು ಮಂಡಿ ಬಾಗಿಸುವ ಕಾಲು. ಹಾಗಾಗಿ ಎರಡು ಸಲವೂ ಒಳ್ಳೆಯ ಕಾಲೇ ಮೇಲಿರಬೇಕು.

ಕಂಬಿ ಇರುವ ಕಡೆ ಕಂಬಿ ಬಿಡಬಾರದು. ಅದು ಯಾವ ಬದಿಗಿದ್ದರೂ ಸರಿ. ಇವರ ಮನೆಯಲ್ಲಿ ಹತ್ತುವಾಗ ಕಂಬಿ ಬಲಕ್ಕೆ ಬರುತ್ತದೆ. ಬಲಗೈ ಕಂಬಿಯ ಮೇಲೆ, ಎಡಗೈಯಲ್ಲಿ ಒಂದು ಕ್ರಚ್, ಇನ್ನೊಂದನ್ನು ಮನೆಯವರು ಹಿಡಿದುಕೊಂಡು ಬರುತ್ತಾರೆ. ಮೆಟ್ಟಿಲಿಗೆ ಹತ್ತಿರ ನಿಂತು, ಕಂಬಿಯನ್ನೂ ಕ್ರಚ್ಚನ್ನೂ ಕೆಳಗೆ ಒತ್ತಿ, ಎಡಗಾಲನ್ನು ಮೇಲಿನ ಮೆಟ್ಟಿಲಿಗೆ ಏರಿಸಬೇಕು. ಪಾದ ಪೂರ್ತಿ ಮೆಟ್ಟಿಲ ಮೇಲೆ ಕೂತ ಮೇಲೆ ಮಂಡಿ ನೆಟ್ಟಗೆ ಮಾಡಿ, ಕ್ರಚ್ಚನ್ನೂ ಕಂಬಿಯ ಮೇಲಿನ ಕೈಯನ್ನೂ ಮೇಲಕ್ಕೆ ತರಬೇಕು. ಹತ್ತುವಾಗ ಬಲಮಂಡಿಯನ್ನು ಬಾಗಿಸಿಯೇ ಇಟ್ಟುಕೊಳ್ಳಬೇಕು, ಇಲ್ಲವಾದರೆ ಬೆರಳು ಮೆಟ್ಟಿಲಿನ ಅಂಚಿಗೆ ಬಡಿಯುತ್ತದೆ.

ಇಳಿಯುವುದು ಕಷ್ಟ, ಅದಕ್ಕೇ ಅದನ್ನು ಕೊನೆಯ ಎರಡು ಮೆಟ್ಟಿಲಲ್ಲಿ ಮೊದಲು ಅಭ್ಯಾಸ ಮಾಡಿಸುತ್ತೇನೆ. ಈಗ ಕಂಬಿ ಎಡಗೈಗೆ ಬರುತ್ತದೆ, ಕ್ರಚ್ ಬಲಗೈಗೆ. ಮೆಟ್ಟಿಲಿನ ಅಂಚಿಗೆ ಬಂದು, ಕಂಬಿಯ ಮೇಲಿನ ಕೈಯನ್ನು ಸ್ವಲ್ಪ ಮುಂದೆ ಜಾರಿಸಿ, ಎಡಮಂಡಿ ಬಾಗಿಸುತ್ತಾ ಕ್ರಚ್ಚನ್ನು ಕೆಳಗಿನ ಮೆಟ್ಟಿಲಿನ ನಡುಮಧ್ಯಕ್ಕೆ ಇಳಿಸಬೇಕು. ಅಂಚಿಗೆ ಇಟ್ಟರೆ ಬುಷ್ ಜಾರುತ್ತದೆ, ಹಿಂದಿನ ಗೋಡೆಗೆ ತಾಗಿಸಿದರೆ ಕ್ರಚ್ ಮೇಲ್ಭಾಗ ಮುಂದಕ್ಕೆ ಮಗುಚುತ್ತದೆ. ಬಲಗಾಲನ್ನು ಗಾಳಿಯಲ್ಲೇ ಮುಂದೆ ಚಾಚಿ, ಎರಡೂ ಕೈಗೆ ಭಾರ ಕೊಟ್ಟು, ಆಮೇಲೆ ಎಡಗಾಲನ್ನು ಇಳಿಸಬೇಕು. ಪ್ರತಿ ಮೆಟ್ಟಿಲಿಗೂ ನಿಂತು ಮುಂದಿನದಕ್ಕೆ ಹೋಗಬೇಕು. ಹಳೆಯ ಮನೆಗಳಲ್ಲಿ ಮೊದಲ ಅಥವಾ ಕೊನೆಯ ಮೆಟ್ಟಿಲು ಉಳಿದವಕ್ಕಿಂತ ಒಂದೆರಡು ಅಂಗುಲ ಹೆಚ್ಚುಕಮ್ಮಿ ಇರುವುದುಂಟು. ಅಂಥದ್ದಕ್ಕೆ ಬಣ್ಣದ ಟೇಪ್ ಅಂಟಿಸಿ.

ಜೊತೆಗಿರುವವರು ಯಾವಾಗಲೂ ಕೆಳಗಿನ ಬದಿಗೇ ನಿಲ್ಲಬೇಕು: ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ. ತಮ್ಮ ಎರಡು ಪಾದಗಳನ್ನು ಬೇರೆ ಬೇರೆ ಮೆಟ್ಟಿಲಲ್ಲಿ ಊರಿರಬೇಕು. ಮಕ್ಕಳು ಅಕ್ಕರೆಯಿಂದ “ಅಮ್ಮಾ, ಕೈ ಕೊಡಿ” ಎಂದು ತೋಳು ಹಿಡಿದು ಎಳೆಯುತ್ತಾರೆ. ಆ ಕೈಯೇ ಕ್ರಚ್ಚಿಗೆ ಭಾರ ಕೊಡುತ್ತಿರುವುದು, ಅದನ್ನು ಎಳೆದರೆ ಬೀಳಿಸಿದಂತೆ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ. ಕೈಯಲ್ಲಿ ಬಲ ಸಾಲದವರು, ಕಂಬಿಯೇ ಇಲ್ಲದ ಮೆಟ್ಟಿಲಿನವರು ಕೂತುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಇಳಿಯುವುದು ಎಷ್ಟೋ ಕ್ಷೇಮ. ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ.

ಡಾಕ್ಟರ್ “ಇನ್ನು 20 ಕೆಜಿ ಭಾರ ಹಾಕಿ” ಎಂದ ದಿನ ಹೊಸ ಪ್ರಶ್ನೆ ಏಳುತ್ತದೆ. 20 ಕೆಜಿ ಎಂದರೆ ಎಷ್ಟೆಂದು ಕಾಲಿಗೆ ಹೇಗೆ ಗೊತ್ತಾಗಬೇಕು? ತೂಕದ ಯಂತ್ರ ತಂದು, ಅದರ ಪಕ್ಕ ಅಷ್ಟೇ ಎತ್ತರದ ಮಣೆ ಇಡುತ್ತೇನೆ. ಎಡಗಾಲು ಮಣೆಯ ಮೇಲೆ, ಬಲಗಾಲು ಯಂತ್ರದ ಮೇಲೆ, ಎರಡೂ ಕೈ ಕ್ರಚ್ಚಿನ ಮೇಲೆ. ಮುಳ್ಳು 20 ತಲುಪುವವರೆಗೆ ಮೆಲ್ಲಗೆ ಒತ್ತಿ, ಬಿಟ್ಟು, ಮತ್ತೆ ಒತ್ತಬೇಕು. ಆಮೇಲೆ ಮುಳ್ಳು ನೋಡದೆ ಒತ್ತಿ, ಎಷ್ಟಾಯಿತೆಂದು ಮನೆಯವರಿಂದ ಓದಿಸಿಕೊಳ್ಳಬೇಕು. ಮುಳ್ಳಿನ ಯಂತ್ರವೇ ವಾಸಿ, ಡಿಜಿಟಲ್ ಯಂತ್ರಗಳಲ್ಲಿ ಹಲವು ಒಂದು ಅಂಕಿ ತೋರಿಸಿ ಅಲ್ಲೇ ನಿಂತುಬಿಡುತ್ತವೆ. ಆಮೇಲಿನ ನಡಿಗೆಯಲ್ಲಿ ಕ್ರಚ್ಚುಗಳೂ ಬಲಗಾಲೂ ಒಟ್ಟಿಗೆ ಮುಂದೆ ಹೋಗುತ್ತವೆ, ಹಿಂದೆಯೇ ಎಡಗಾಲು. ಹೆದರಿಕೆಗೆ ಬೆರಳ ತುದಿಯನ್ನಷ್ಟೇ ಊರುವುದು ಬೇಡ, ಮೊದಲು ಹಿಮ್ಮಡಿ ತಾಗಲಿ. ತುದಿಗಾಲಲ್ಲೇ ನಡೆದರೆ ಮೀನಖಂಡ ಬಿಗಿದುಕೊಂಡು ಹರಡು ಬಾಗದಂತಾಗುತ್ತದೆ. ಸಂಜೆ ಸ್ವಲ್ಪ ಊತ ಬಂದು ಕಾಲು ಎತ್ತರಕ್ಕಿಟ್ಟು ಮಲಗಿದಾಗ ಇಳಿದರೆ ಸರಿ. ಬೆಳಿಗ್ಗೆಗೂ ಇಳಿಯದಿದ್ದರೆ ಹಿಂದಿನ ದಿನ ಹೆಚ್ಚಾಗಿದೆ ಎಂದು ತಿಳಿಯಬೇಕು. ಮೀನಖಂಡದಲ್ಲಿ ಹೊಸದಾಗಿ ನೋವು, ಬಿಸಿ, ಊತ ಕಂಡರೆ ಅದು ರಕ್ತ ಹೆಪ್ಪುಗಟ್ಟಿರುವುದರ ಸೂಚನೆ ಇರಬಹುದು, ಅವತ್ತೇ ಡಾಕ್ಟರಿಗೆ ತೋರಿಸಬೇಕು. ಉಸಿರು ಕಟ್ಟಿದಂತಾದರೆ ಅಥವಾ ಎದೆ ನೋವು ಬಂದರೆ ಕಾಯದೆ ಎಮರ್ಜೆನ್ಸಿಗೆ ಹೋಗಬೇಕು.

ಪೂರ್ತಿ ಭಾರ ಹಾಕಲು ಒಪ್ಪಿಗೆ ಸಿಕ್ಕ ಮೇಲೆ ವಾಕಿಂಗ್ ಸ್ಟಿಕ್. ಅದು ಎಡಗೈಯಲ್ಲಿರಬೇಕು, ಅಂದರೆ ಪೆಟ್ಟಾದ ಕಾಲಿನ ಎದುರು ಬದಿಗೆ. ಬಹುತೇಕ ಎಲ್ಲರೂ ನೋವಿರುವ ಬದಿಗೇ ಹಿಡಿಯುತ್ತಾರೆ. ಬಲಗಾಲಿನ ಮೇಲೆ ನಿಂತ ಗಳಿಗೆಯಲ್ಲಿ ಎಡಬದಿಗೆ ಆಸರೆ ಇರುವುದಿಲ್ಲ, ಕೋಲು ಅಲ್ಲಿದ್ದರೆ ಬಲಗಾಲಿನ ಭಾರ ಹಂಚಿಹೋಗುತ್ತದೆ. ಬಲಗೈಯಲ್ಲೇ ಹಿಡಿದರೆ ಮೈ ಪೆಟ್ಟಾದ ಕಾಲಿನ ಮೇಲೆ ವಾಲಿ ಕುಂಟು ಹೆಚ್ಚುತ್ತದೆ. ಕೋಲೂ ಬಲಗಾಲೂ ಒಟ್ಟಿಗೆ ನೆಲ ಮುಟ್ಟಬೇಕು. ಮೆಟ್ಟಿಲಲ್ಲಿ ಕ್ರಚ್ಚಿನ ಕ್ರಮವೇ ಇದಕ್ಕೂ. ಎತ್ತರದ ಅಳತೆಯೂ ಮಣಿಕಟ್ಟಿನ ಗೆರೆಯೇ, ಇವರಿಗೆ ಚಪ್ಪಲಿ ಹಾಕಿ ಅಳೆದಾಗ 78 ಸೆಂ.ಮೀ. ಮರದ ಕೋಲಾದರೆ ಬುಷ್ಷಿನ ದಪ್ಪವನ್ನು ಕಳೆದು ಕತ್ತರಿಸಬೇಕು, ಅದೂ ಸ್ವಲ್ಪ ಸ್ವಲ್ಪವೇ.

ಕೋಲು ಬಿಡುವ ದಿನವನ್ನು ಕುಂಟೇ ಹೇಳುತ್ತದೆ. ಮನೆಯೊಳಗೆ ಕೋಲಿಲ್ಲದೆ ಹತ್ತಾರು ಹೆಜ್ಜೆ ನಡೆದಾಗ ಎರಡೂ ಹೆಜ್ಜೆಯ ಉದ್ದ ಸಮನಾಗಿ, ಭುಜ ವಾಲದೆ ಇದ್ದರೆ ಒಳಗೆ ಬಿಡಬಹುದು. ಕಲ್ಲುಚಪ್ಪಡಿ ಎದ್ದಿರುವ ಫುಟ್‌ಪಾತಿಗೆ, ಬಸ್ಸಿನ ಮೆಟ್ಟಿಲಿಗೆ, ಸಂತೆಯ ನೂಕುನುಗ್ಗಲಿಗೆ ಇನ್ನೂ ಕೆಲವು ವಾರ ಕೋಲು ಒಯ್ಯಿರಿ.