ಬೋರ್ಡ್ ಕ್ಯಾಬಿನೆಟ್ ಒಳಗೆ ಹೋಗುವ ಮುಂಚೆ

ನನ್ನ ಮೊದಲ ಪಿಸಿಯ ಸಾಮಾನನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತುಮಕೂರಿಗೆ ರೈಲಿನಲ್ಲಿ ತಂದಿದ್ದೆ. ಆತುರ ಜಾಸ್ತಿ. ಮನೆಗೆ ಬಂದವನೇ ಮದರ್‌ಬೋರ್ಡನ್ನು ಕ್ಯಾಬಿನೆಟ್‌ಗೆ ಸ್ಕ್ರೂ ಹಾಕಿಬಿಟ್ಟೆ. ಪ್ರೊಸೆಸರ್, ಕೂಲರ್ ಎಲ್ಲ ಆಮೇಲೆ. ಪಿಸಿ ಆನ್ ಆಯಿತು, ಆದರೆ ಬಯೋಸ್ ಪರದೆಯಲ್ಲೇ ಸಿಪಿಯು ಬಿಸಿ 90 ಡಿಗ್ರಿ ದಾಟಿತು. ಕೂಲರ್‌ನ ನಾಲ್ಕು ಕಾಲುಗಳಲ್ಲಿ ಒಂದು ಕೂತೇ ಇರಲಿಲ್ಲ.

ಹೋದ ತಿಂಗಳು ಅಕ್ಕನ ಮಗನಿಗೆ ಇಂಟೆಲ್ ಐ3 12100 ಪಿಸಿ ಜೋಡಿಸುವಾಗ ಕ್ರಮ ಬದಲಾಯಿಸಿದೆವು. ಬೋರ್ಡನ್ನು ಅದರದೇ ರಟ್ಟಿನ ಡಬ್ಬಿಯ ಮೇಲೆ ಇಟ್ಟೆವು. ಮೊದಲು ಪ್ರೊಸೆಸರ್. ಅದರ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ ಸುಮ್ನೆ ಇಡಬೇಕು, ಒತ್ತಬಾರದು. ಲಿವರ್ ಮುಚ್ಚುವಾಗ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಇರುತ್ತದೆ, ಹೆದರಬೇಡಿ. ಆಮೇಲೆ ಎಂ.2 ಎಸ್‌ಎಸ್‌ಡಿ, ರ್‍ಯಾಮ್. ನಾಲ್ಕು ಸ್ಲಾಟ್ ಇದ್ದು ಎರಡು ರ್‍ಯಾಮ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು.

ಈಗ ಕೂಲರ್. ಪ್ರೊಸೆಸರ್ ಜೊತೆ ಬರುವ ಇಂಟೆಲ್ ಕೂಲರ್‌ಗೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಮೊದಲೇ ಹಚ್ಚಿರುತ್ತದೆ. ನಾಲ್ಕು ಪ್ಲಾಸ್ಟಿಕ್ ಕಾಲುಗಳನ್ನು ಎದುರುಬದುರು ಮೂಲೆಯಂತೆ ಒಂದೊಂದಾಗಿ ಒತ್ತಬೇಕು. ಪ್ರತಿಯೊಂದೂ 'ಟಕ್' ಎನ್ನಬೇಕು. ಆದರೆ ಸದ್ದನ್ನು ನಂಬಿ ಬಿಡಬೇಡಿ. ಬೋರ್ಡನ್ನು ಎತ್ತಿ ಹಿಂಭಾಗ ನೋಡಿ: ನಾಲ್ಕೂ ತೂತಿನಿಂದ ಪ್ಲಾಸ್ಟಿಕ್ ತುದಿ ಹೊರಬಂದು ಅಗಲವಾಗಿ ಹಿಡಿದಿರಬೇಕು. ಕ್ಯಾಬಿನೆಟ್ ಒಳಗೆ ಕೂತ ಬೋರ್ಡಿನಲ್ಲಿ ಇದನ್ನು ನೋಡುವುದು ಕಷ್ಟ. ನಾನು ಎಡವಿದ್ದು ಇಲ್ಲೇ. ಕೂಲರ್ ಒಮ್ಮೆ ಕಿತ್ತರೆ ಹಳೇ ಪೇಸ್ಟ್ ಒರೆಸಿ, ಬಟಾಣಿಗಿಂತ ಸ್ವಲ್ಪ ಚಿಕ್ಕದಾಗಿ ಹೊಸದು ಹಾಕಬೇಕು.

ಫ್ಯಾನ್ ತಂತಿ ಸಿಕ್ಕಿಸಿ, ಡಬ್ಬಿಯ ಮೇಲೆಯೇ ಒಮ್ಮೆ ಚಾಲೂ ಮಾಡಿ. 24 ಪಿನ್ ಮತ್ತು 8 ಪಿನ್ ಪವರ್ ತಂತಿ ಕೊಟ್ಟು, ಮಾನಿಟರ್ ಅನ್ನು ಬೋರ್ಡಿಗೇ ಜೋಡಿಸಿ, ಬೋರ್ಡಿನ ಮೇಲಿರುವ ಪವರ್ ಸ್ವಿಚ್‌ನ ಎರಡು ಪಿನ್‌ಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ಮುಟ್ಟಿಸಿದರೆ ಸಾಕು. ನಮ್ಮ ಪಿಸಿ ಬಯೋಸ್‌ನಲ್ಲಿ 40 ಡಿಗ್ರಿಯ ಆಸುಪಾಸು ನಿಂತಿತು. ಎಫ್ ಅಕ್ಷರ ಇರುವ ಇಂಟೆಲ್ ಪ್ರೊಸೆಸರ್ ಆದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಈ ಪರೀಕ್ಷೆಗೂ ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕು.

ಆಮೇಲೆ ಕ್ಯಾಬಿನೆಟ್. ಹಿಂದಿನ ಪೋರ್ಟ್‌ಗಳ ತಗಡು ಬಿಡಿಯಾಗಿ ಬಂದಿದ್ದರೆ ಬೋರ್ಡಿಗಿಂತ ಮೊದಲೇ ಹಾಕಿ. ಬೋರ್ಡಿನ ತೂತುಗಳಿಗೆ ಸರಿಯಾಗಿ ಮಾತ್ರ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆ ಸ್ಟ್ಯಾಂಡ್‌ಆಫ್ ಇರಬೇಕು, ಒಂದು ಹೆಚ್ಚಾದರೂ ಬೋರ್ಡಿನ ಹಿಂಭಾಗ ಮುಟ್ಟಿ ಶಾರ್ಟ್ ಆಗಬಹುದು. 8 ಪಿನ್ ತಂತಿಯನ್ನು ಮೇಲಿನ ಮೂಲೆಯಿಂದ ಮೊದಲೇ ಎಳೆದಿಟ್ಟು, ನಂತರ ಬೋರ್ಡ್ ಕೂರಿಸಿ. ಗ್ರಾಫಿಕ್ಸ್ ಕಾರ್ಡ್ ಕಡೆಗೆ. ಅದನ್ನು ಹಾಕಿದ ಮೇಲೆ ಮಾನಿಟರ್ ತಂತಿ ಬೋರ್ಡಿಗಲ್ಲ, ಕಾರ್ಡಿಗೆ.