ಡಿಸ್ಚಾರ್ಜ್ ಹಾಳೆಯಲ್ಲಿ ಗಂಟೆ ಬರೆದ ಮೇಲೆ

ನಾನು ಡೇ ಸರ್ಜರಿ ವಾರ್ಡಿನ ನರ್ಸ್, ಆಪರೇಷನ್ ಆದ ದಿನವೇ ಮನೆಗೆ ಹೋಗುವವರ ವಾರ್ಡ್ ಅದು. ಮೊದಲು ರಾತ್ರಿ ಹೊತ್ತು ವಾರಕ್ಕೆ ಹತ್ತು ಹನ್ನೆರಡು ಫೋನ್ ಬರುತ್ತಿತ್ತು. ಹೆಚ್ಚಿನವರದು ಒಂದೇ ಗೋಳು: "ಸಂಜೆವರೆಗೂ ಚೆನ್ನಾಗಿದ್ದೆ, ಈಗ ತಡೆಯೋಕಾಗ್ತಿಲ್ಲ ಸಿಸ್ಟರ್."

ಹರ್ನಿಯಾ ಆಪರೇಷನ್ ಆದ ಒಬ್ಬರ ಕಥೆ ಕೇಳಿ. ಮಧ್ಯಾಹ್ನ 1ಕ್ಕೆ ಆಪರೇಷನ್. ಮುಗಿಸುವಾಗ ಗಾಯಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಹಾಕಿದ್ದರು. ನೋವೇ ಇಲ್ಲವಲ್ಲ ಅಂತ ಅವರು ಮಾತ್ರೆ ಮುಟ್ಟದೆ ಮಲಗಿದರು. ಆ ಇಂಜೆಕ್ಷನ್ ಆರೆಂಟು ಗಂಟೆಯಲ್ಲಿ ಇಳಿಯುತ್ತದೆ. 11ಕ್ಕೆ ಎದ್ದು ಅತ್ತರು. ಆಮೇಲೆ ನುಂಗಿದ ಮಾತ್ರೆ ಕೆಲಸ ಮಾಡೋಕೆ ಹೊತ್ತು ಬೇಕಲ್ವಾ?

ಹಾಗಾಗಿ ಡಿಸ್ಚಾರ್ಜ್ ಹಾಳೆಯಿಂದ "6 ಗಂಟೆಗೊಮ್ಮೆ" ಅನ್ನುವ ಸಾಲನ್ನೇ ತೆಗೆದೆ. ಪೆನ್ನಿನಲ್ಲಿ ಗಂಟೆ ಬರೆದೆ: ಪ್ಯಾರಾಸಿಟಮಾಲ್ 1 ಗ್ರಾಂ, ಸಂಜೆ 7, ರಾತ್ರಿ 1, ಬೆಳಿಗ್ಗೆ 7. ನೋವಿಲ್ಲದಿದ್ದರೂ ಸಂಜೆ 7ರದ್ದು ತಪ್ಪಿಸಬಾರದು. ಡಾಕ್ಟರ್ ಬರೆದಿದ್ದರೆ ಐಬುಪ್ರೊಫೆನ್ ಊಟದ ಜೊತೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಅದು ಬೇಡ.

"ಯಾರು ಓದ್ತಾರಮ್ಮ ಇದನ್ನ?" ಅಂತ ಹಿರಿಯ ಸರ್ಜನ್ ನಕ್ಕರು. ಮೊದಲ ಸಲ ಸೋತದ್ದೂ ನಿಜ. ಥಿಯೇಟರಿನಲ್ಲಿ 1ಕ್ಕೆ ಡ್ರಿಪ್ಪಿನಲ್ಲಿ ಕೊಟ್ಟ ಪ್ಯಾರಾಸಿಟಮಾಲನ್ನು ನಾನು ಹಾಳೆಯಲ್ಲಿ ಬರೆದಿರಲಿಲ್ಲ. ಒಬ್ಬರು ಮನೆಗೆ ಹೋಗಿ 4ಕ್ಕೇ ಇನ್ನೊಂದು ಡೋಸ್ ನುಂಗಿದರು, ಶೀತಕ್ಕೆ ಅಂತ ಇನ್ನೊಂದು ಮಾತ್ರೆ ಬೇರೆ. ಅದರಲ್ಲೂ ಪ್ಯಾರಾಸಿಟಮಾಲೇ! ದಿನಕ್ಕೆ 4 ಗ್ರಾಂ ದಾಟಬಾರದು, ತೂಕ ಕಡಿಮೆ ಇದ್ದವರಿಗೆ ಇನ್ನೂ ಕಡಿಮೆ. ಪುಣ್ಯಕ್ಕೆ ದಾಟಿರಲಿಲ್ಲ. ಅವತ್ತಿನಿಂದ ಮೊದಲ ಸಾಲೇ "ಇಲ್ಲಿ ಕೊಟ್ಟಿದ್ದು, ಎಷ್ಟು ಗಂಟೆಗೆ".

ಬಣ್ಣದ ಕಾಗದವನ್ನೂ ನನ್ನ ದುಡ್ಡಿನಲ್ಲೇ ತಂದು ನೋಡಿದೆ. ದಂಡ. ಹಳದಿ ಹಾಳೆಯಲ್ಲಿ ಪೆನ್ನಿನ ಬರಹ ಕಾಣಲೇ ಇಲ್ಲ.

ಊಟದ ಭಾಗ ಎರಡೇ ಸಾಲು: ಮೊದಲು ಗುಟುಕು ಗುಟುಕು ನೀರು, ಅದು ಉಳಿದರೆ ಮೆತ್ತನೆಯ ಊಟ ಸ್ವಲ್ಪ. ವಾಂತಿ ಬಂದರೆ ಒಂದು ಗಂಟೆ ಬಿಟ್ಟು ಮತ್ತೆ ನೀರಿನಿಂದ ಶುರು. ಮೊದಲ 24 ಗಂಟೆ ಗಾಡಿ ಓಡಿಸಬಾರದು, ಮದ್ಯ ಬೇಡ, ದೊಡ್ಡ ಕಾಗದಪತ್ರಕ್ಕೆ ಸಹಿ ಬೇಡ. ರಾತ್ರಿ ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು. ಆಪರೇಷನ್ ಹೊತ್ತಲ್ಲಿ ಉಸಿರಿಗೆ ಹಾಕಿದ ಟ್ಯೂಬಿನಿಂದ ಗಂಟಲು ಕೆರೆಯುವುದು ಒಂದೆರಡು ದಿನ ಮಾಮೂಲು.

ಫೋನ್ ಮಾಡಬೇಕಾದ್ದನ್ನು ಮಾತ್ರ ದಪ್ಪಕ್ಷರದಲ್ಲಿ ಹಾಕಿದೆ. ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತ, ನೀರೂ ಉಳಿಯದ ವಾಂತಿ, 38 ಡಿಗ್ರಿ ದಾಟಿದ ಜ್ವರ, ಮಾತ್ರೆಗೂ ಬಗ್ಗದ ನೋವು, 6ರಿಂದ 8 ಗಂಟೆಯಾದರೂ ಮೂತ್ರ ಬಾರದಿರುವುದು. ಉಸಿರಾಟದ ಕಷ್ಟ, ಎದೆನೋವು, ಎಬ್ಬಿಸಿದರೂ ಏಳದ ಮಂಪರು ಇದ್ದರೆ ಫೋನೂ ಬೇಡ, ನೇರ ಎಮರ್ಜೆನ್ಸಿಗೆ.

ಈಗ ವಾರಕ್ಕೆ ಮೂರ್ನಾಲ್ಕು ಫೋನ್. ಒಬ್ಬೊಬ್ಬರಿಗೆ ಬರೆಯೋಕೆ ನಾಲ್ಕು ನಿಮಿಷ ಹಿಡಿಯುತ್ತದೆ. ಆ ನಾಲ್ಕು ನಿಮಿಷವನ್ನು ಮ್ಯಾನೇಜರಿಂದ ಹೇಗೆ ಗಿಟ್ಟಿಸಿದೆ ಅನ್ನೋದು ನನ್ನ ಗುಟ್ಟು. ಮೊನ್ನೆ ರಾತ್ರಿ 9ಕ್ಕೆ ಇನ್ನೊಬ್ಬ ಹರ್ನಿಯಾ ಪೇಷೆಂಟಿನ ಹೆಂಡತಿ ಫೋನ್ ಮಾಡಿದರು: "ನೋವಿಲ್ಲ ಸಿಸ್ಟರ್, ಆದರೆ ಮಧ್ಯಾಹ್ನದಿಂದ ಮೂತ್ರ ಹೋಗಿಲ್ಲ, ಹಾಳೆಯಲ್ಲಿ ಹೇಳಿದೀರಲ್ಲ." ಕರೆಸಿದೆವು. ಕ್ಯಾಥೆಟರ್ ಹಾಕಿದಾಗ ಬಂದದ್ದು ಮುಕ್ಕಾಲು ಲೀಟರ್.