ಪ್ರವಾಸದ ಮೂಲಪಟ್ಟಿ ಮತ್ತು ಮುಟ್ಟದೆ ಮರಳಿದ ಸಾಮಾನು: ನನ್ನ ಅನುಭವ

ಊರು ಬಿಡುವ ಹಿಂದಿನ ದಿನ ಲ್ಯಾಪ್‌ಟಾಪ್ ಮುಂದೆ ಕುಳಿತು ಸಾಮಾನಿನ ಪಟ್ಟಿ ತೆರೆಯುವ ನನ್ನನ್ನು ಕಂಡರೆ ನನ್ನ ಭಾವಮೈದುನನಿಗೆ ನಗು. ‘ಭಾವ, ಕರವಸ್ತ್ರಕ್ಕೂ ಲೆಕ್ಕಪತ್ರವೇ?’ ಎಂದು ಐದು ವರ್ಷ ಹಂಗಿಸಿದ. ಕಳೆದ ಡಿಸೆಂಬರಿನಲ್ಲಿ ಅಮ್ಮ, ಹೆಂಡತಿ, ನಾನು ಒಂಬತ್ತು ದಿನ ಕಾಶಿ, ಪ್ರಯಾಗ, ಅಯೋಧ್ಯೆ ಸುತ್ತಿ ಬಂದ ಮೇಲೆ ನಗುವುದನ್ನು ನಿಲ್ಲಿಸಿದ್ದಾನೆ. ಹೋಗುವಾಗ ಮೂವರದೂ ಸೇರಿ ಸುಮಾರು 32 ಕಿಲೋ. ಮುಟ್ಟದೆ ಮರಳಿ ಬಂದದ್ದು ಐದೇ ಸಾಮಾನು.

ಇದೇ ಕಾಶಿಗೆ ಮೊದಲ ಸಲ ಹೋಗಿದ್ದಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮಾನ ಹೋಗಿತ್ತು. ತಲೆಗೆ 15 ಕಿಲೋ ಮಿತಿ, ನಮ್ಮದು ಐದು ಕಿಲೋ ಹೆಚ್ಚು. ಕಿಲೋಗೆ ಐನೂರರ ಮೇಲೆ ಹಿಡಿದು 2,700 ರೂಪಾಯಿಯಷ್ಟು ಕಟ್ಟಿದೆ. ದುಡ್ಡು ಹೋದದ್ದಕ್ಕಿಂತ, ಮನೆಗೆ ಬಂದು ಬಿಚ್ಚಿದಾಗ ಅರ್ಧ ಬಟ್ಟೆ ಇಸ್ತ್ರಿಯ ಮಡಿಕೆಯಲ್ಲೇ ಇದ್ದದ್ದು ಹೊಟ್ಟೆ ಉರಿಸಿತು. ಮೂಲಪಟ್ಟಿ ಶುರುವಾದದ್ದು ಆ ರಾತ್ರಿ.

ಮೊದಲ ಪಟ್ಟಿ ಎಲ್ಲಿಂದಲೋ ಇಳಿಸಿಕೊಂಡದ್ದು, ತೊಂಬತ್ತು ಚಿಲ್ಲರೆ ಸಾಲು. ಅದರಲ್ಲಿ ಈಜುಡುಗೆ ಇತ್ತು, ಪಂಚೆ ಇರಲಿಲ್ಲ. ಅದನ್ನು ಎಸೆದು, ನಿಜವಾಗಿ ನಮ್ಮ ಚೀಲದಿಂದ ಹೊರಬಂದದ್ದನ್ನೇ ಬರೆಯುತ್ತ ಹೋದೆ. ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ಸಾಮಾನಿಗೆ ಒಂದು ಸಾಲು, ಪ್ರತಿ ಪ್ರವಾಸಕ್ಕೆ ಒಂದು ಕಾಲಂ. ಬಳಸಿದ್ದರೆ ‘ಬ’, ಉಳಿದಿದ್ದರೆ ‘ಉ’, ಒಯ್ಯದಿದ್ದರೆ ಖಾಲಿ. ಕೊನೆಯ ಕಾಲಮಿನಲ್ಲಿ ಇಷ್ಟೇ:

```
=COUNTIF(D2:Z2,"ಉ")/COUNTA(D2:Z2)
```

ಒಯ್ದ ಸಲಗಳಲ್ಲಿ ಎಷ್ಟು ಪಾಲು ಸುಮ್ಮನೆ ಹೊತ್ತೆವು ಎಂಬುದು ಇದರಿಂದ ಸಿಗುತ್ತದೆ. ಖಾಲಿ ಬಿಡಬೇಕಾದಲ್ಲಿ ಅಡ್ಡಗೆರೆ ಹಾಕಿದರೆ ಅದೂ ಎಣಿಕೆಗೆ ಸೇರಿ ಲೆಕ್ಕ ಕೆಡುತ್ತದೆ. ನಾನು ಎರಡು ಪ್ರವಾಸ ಹಾಗೆ ಕೆಡಿಸಿದ್ದೇನೆ.

ಲೆಕ್ಕ ಸರಿಯಿದ್ದೂ ಮೊದಲ ವರ್ಷ ಏನೂ ಸುಧಾರಿಸಲಿಲ್ಲ. ಕಾರಣ ನನ್ನ ಸೋಮಾರಿತನ. ಬಂದು ಮೂರು ವಾರವಾದ ಮೇಲೆ ನೆನಪಿನಿಂದ ತುಂಬುತ್ತಿದ್ದೆ. ಬಟ್ಟೆಯೆಲ್ಲ ಒಗೆದು ಕಪಾಟು ಸೇರಿದ ಮೇಲೆ ಯಾವ ಅಂಗಿ ತೊಟ್ಟದ್ದು, ಯಾವುದು ತೊಡದ್ದು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಹಂಪಿಯಲ್ಲಿ ತಂಪುಕನ್ನಡಕ ಬಳಸಲೇ ಇಲ್ಲ ಎಂದು ಬರೆದಿದ್ದೆ. ಆಮೇಲೆ ಹೆಂಡತಿ ಮೊಬೈಲ್ ತೋರಿಸಿದಳು: ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ನಾನು ಕನ್ನಡಕ ಹಾಕಿಕೊಂಡೇ ನಿಂತಿದ್ದೇನೆ. ಈಗ ಚೀಲ ಬಿಚ್ಚುವ ಹೊತ್ತಿಗೇ, ಒಗೆಯುವ ಬಟ್ಟೆ ಬಕೆಟ್ಟಿಗೆ ಬೀಳುವ ಮೊದಲೇ ಬರೆಯುತ್ತೇನೆ. ಮುಟ್ಟದ್ದನ್ನೆಲ್ಲ ಹಾಸಿಗೆಯ ಮೇಲೆ ರಾಶಿ ಹಾಕಿ ಒಂದು ಫೋಟೊ. ಹದಿನೈದು ನಿಮಿಷದ ಕೆಲಸ.

ಎರಡನೆಯ ಎಡವಟ್ಟು ಅತಿ ಉತ್ಸಾಹದ್ದು. ಮೂರು ಸಲ ‘ಉ’ ಬಿದ್ದರೆ ಪಟ್ಟಿಯಿಂದ ಹೊರಗೆ ಎಂದು ಕಾನೂನು ಮಾಡಿದೆ. ಆ ಮೂರೂ ಪ್ರವಾಸ ಜನವರಿಯಿಂದ ಏಪ್ರಿಲ್ ಒಳಗಿನವು. ಕೊಡೆ ಹೊರಗೆ ಹೋಯಿತು. ಜುಲೈಯಲ್ಲಿ ಮಡಿಕೇರಿ ಬಸ್ ನಿಲ್ದಾಣದಲ್ಲಿ ಇಳಿದಾಗ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಎರಡು ಕೊಡೆ, ಮೂರು ಪ್ಲಾಸ್ಟಿಕ್ ಮಳೆಯಂಗಿಗೆ ಸಾವಿರದ ಮೇಲೆ ಕೈಬಿಟ್ಟಿತು. ಅಂದಿನಿಂದ ಪಟ್ಟಿಯನ್ನು ಒಡೆದೆ. ಎಲ್ಲ ಪ್ರವಾಸಕ್ಕೂ ಬೇಕಾದ ಬುಡದ ಪಟ್ಟಿ ಒಂದು, ಅದಕ್ಕೆ ಸೇರಿಸುವ ಮಳೆಯ ಗಂಟು, ಚಳಿಯ ಗಂಟು, ದೇವಸ್ಥಾನದ ಗಂಟು. ಮಳೆಗಂಟಿನ ಸಾಮಾನಿಗೆ ಮಳೆಗಾಲದ ಪ್ರವಾಸದಲ್ಲಿ ಮಾತ್ರ ಅಂಕ.

ಆಪತ್ತಿನ ಸಾಮಾನಿಗೆ ಬೇರೆ ನ್ಯಾಯ. ಟಾರ್ಚು, ಹೊಲಿಗೆಯ ಸೂಜಿದಾರ, ಭೇದಿಯ ಮಾತ್ರೆ ಇವಕ್ಕೆ ‘ಉ’ ಬಿದ್ದರೆ ಸಂತೋಷವೇ. ಇವಕ್ಕೆ ನಾನು ಕೇಳುವ ಪ್ರಶ್ನೆ ಒಂದು: ರಾತ್ರಿ ಹತ್ತಕ್ಕೆ ಬೇಕಾದರೆ ಅರ್ಧ ಗಂಟೆಯೊಳಗೆ, ನೂರಿನ್ನೂರು ರೂಪಾಯಿಯಲ್ಲಿ ಸಿಗುತ್ತದೆಯೇ? ಸಿಗುವುದಾದರೆ ಮನೆಯಲ್ಲಿರಲಿ. ಸೂಜಿದಾರ ಹಾಗೆ ಹೋಯಿತು, ಟಾರ್ಚು ಉಳಿಯಿತು. ಅಮ್ಮನ ರಕ್ತದೊತ್ತಡದ ಮಾತ್ರೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಪ್ರವಾಸದ ದಿನಗಳ ಲೆಕ್ಕಕ್ಕೆ ಇನ್ನೂ ಮೂರು ದಿನದ್ದು ಸೇರಿಸಿ ಒಯ್ಯುತ್ತೇವೆ, ಅದೂ ಕೈಚೀಲದಲ್ಲಿ. ಕಾಶಿಯಲ್ಲಿ ಮಂಜಿನಿಂದ ವಿಮಾನ ಮರುದಿನಕ್ಕೆ ಹೋದಾಗ ಆ ಮೂರರಲ್ಲಿ ಒಂದು ಖರ್ಚಾಯಿತು.

ಭಾರ ನಿಜಕ್ಕೂ ಇಳಿದದ್ದು ಪಟ್ಟಿಯಿಂದ ಸಾಮಾನು ತೆಗೆದದ್ದರಿಂದಲ್ಲ, ಸಂಖ್ಯೆ ಇಳಿಸಿದ್ದರಿಂದ. ‘ಅಂಗಿ’ ಎಂಬ ಸಾಲಿಗೆ ಯಾವಾಗಲೂ ‘ಬ’ ಬೀಳುತ್ತಿತ್ತು. ಅಂಗಿ ತೊಡದೆ ಯಾರು ಓಡಾಡುತ್ತಾರೆ? ಆದರೆ ಒಯ್ದದ್ದು ಎಂಟು, ತೊಟ್ಟದ್ದು ನಾಲ್ಕು. ಆಮೇಲೆ ಒಂದೇ ಬಗೆಯವಕ್ಕೆ ಒಂದೊಂದು ಸಾಲು ಕೊಟ್ಟೆ: ಅಂಗಿ 1, ಅಂಗಿ 2, ಹೀಗೆ. ಐದನೆಯ ಅಂಗಿಯಿಂದ ಕೆಳಗೆ ‘ಉ’ಗಳ ಸಾಲೇ ನಿಂತಿತು. ಹೆಂಡತಿಯ ಸೀರೆಗಳಲ್ಲೂ ಅದೇ ಕಥೆ, ಆ ಮಾತು ತೆಗೆಯಲು ಮಾತ್ರ ಒಂದು ವರ್ಷ ಕಾದೆ. ಕಳೆದ ಸಲ ಒಂಬತ್ತು ದಿನಕ್ಕೆ ನನ್ನವು ನಾಲ್ಕು ಅಂಗಿ, ಎರಡು ಪ್ಯಾಂಟು, ಒಂದು ಪಂಚೆ, ಒಂದು ಸ್ವೆಟರು, ನಡುವೆ ಒಂದು ಸಲ ಒಗೆತ. ಡಿಸೆಂಬರಿನ ಕಾಶಿಯಲ್ಲಿ ದಪ್ಪ ಬಟ್ಟೆ ಒಂದು ರಾತ್ರಿಗೆ ಒಣಗುವುದಿಲ್ಲ. ಹಾಗಾಗಿ ಎರಡು ರಾತ್ರಿ ತಂಗುವ ಊರಿನಲ್ಲೇ ಒಗೆದೆವು.

ಈ ಒಣಗುವ ವಿಷಯಕ್ಕೇ ಮನೆಯಲ್ಲಿ ಒಂದು ಪರೀಕ್ಷೆ ಮಾಡಿದ್ದೆ. ಟರ್ಕಿ ಟವೆಲ್ಲನ್ನೂ ಅಪ್ಪನ ಕಾಲದ ಪಾಣಿಪಂಚೆಯನ್ನೂ ಒಟ್ಟಿಗೆ ನೆನೆಸಿ, ಹಿಂಡಿ, ಫ್ಯಾನಿನ ಕೆಳಗೆ ಹರವಿದೆ. ಪಾಣಿಪಂಚೆ ಎರಡು ಗಂಟೆಯಲ್ಲಿ ಗರಿಗರಿ, ಟವೆಲ್ಲು ಬೆಳಿಗ್ಗೆಯೂ ತಣ್ಣಗಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಟವೆಲ್ಲು 450 ಗ್ರಾಂ ಆಸುಪಾಸು, ಪಾಣಿಪಂಚೆ ಅದರ ಕಾಲು ಭಾಗವೂ ಇಲ್ಲ. ಮೂವರ ಟವೆಲ್ಲೂ ಅಂದೇ ಹೊರಗೆ. ಬಟ್ಟೆ ಸುರುಳಿ ಸುತ್ತಿದರೆ ಜಾಗ ಉಳಿಯುತ್ತದೆ ಎಂಬುದನ್ನೂ ನೋಡಿದೆ. ಚೀಲ ಬೇಗ ಮುಚ್ಚಿತು, ತೂಕ ಒಂದು ಗ್ರಾಮೂ ಇಳಿಯಲಿಲ್ಲ. ಜಾಗ ಇದೆಯಲ್ಲ ಎಂದು ಇನ್ನೊಂದು ಅಂಗಿ ತುರುಕಿದೆ, ಅದಕ್ಕೂ ‘ಉ’.

ಮರಳುವಾಗಿನ ಭಾರವನ್ನು ಮರೆಯುವವರು ಬಹಳ. ಗಂಗಾಜಲ, ಬನಾರಸ್ ಸೀರೆ, ನೆರೆಮನೆಯವರಿಗೆ ಪ್ರಸಾದ, ಹಿತ್ತಾಳೆಯ ದೀಪ ಎಂದು ಕಳೆದ ಸಲ ಎಂಟು ಕಿಲೋ ಕೂಡಿತು. ಆದ್ದರಿಂದ ಹೋಗುವಾಗ ತಲೆಗೆ 11 ಕಿಲೋ ದಾಟಬಾರದು ಎಂದು ಗೆರೆ ಎಳೆದಿದ್ದೇನೆ. ಅಮ್ಮನ ಚಟ್ನಿಪುಡಿ, ಗೊಜ್ಜವಲಕ್ಕಿ, ಕೋಡುಬಳೆಯ ಡಬ್ಬಿಗಳನ್ನು ಆ ಗೆರೆಯೊಳಗೆ ಹೇಗೆ ಕೂರಿಸಿದೆ ಎಂಬುದು ನನ್ನ ಗುಟ್ಟು. ಅಮ್ಮ ಇದನ್ನು ಓದುವ ಸಂಭವವಿದೆ.

ಮುಟ್ಟದೆ ಬಂದ ಐದು ಯಾವುವು ಎಂದರೆ: ಟಾರ್ಚು, ಭೇದಿಯ ಮಾತ್ರೆ, ಹೆಂಡತಿಯ ಎರಡನೆಯ ಶಾಲು, ನಾನು ಓದುತ್ತೇನೆಂದು ಒಯ್ದ ಪುಸ್ತಕ ಮತ್ತು ಫ್ಲಾಸ್ಕು. ಶಾಲನ್ನು ತೆಗೆದೆ. ಪುಸ್ತಕಕ್ಕೆ ಇದು ಏಳನೆಯ ‘ಉ’, ಆದರೂ ತೆಗೆಯಲು ಮನಸ್ಸು ಬಂದಿಲ್ಲ. ಫ್ಲಾಸ್ಕಿನದು ಐದು ‘ಬ’, ಆರು ‘ಉ’. ಮುಂದಿನ ತಿಂಗಳ ಬಾದಾಮಿ ಪ್ರವಾಸಕ್ಕೆ ಅದನ್ನು ಖಾಲಿಯಾಗಿ ಒಯ್ದು, ಒಳಗೆ ಅಮ್ಮನ ಮಾತ್ರೆಯ ಡಬ್ಬಿ ಇಟ್ಟು ನೋಡುತ್ತೇನೆ. ಆಗ ‘ಬ’ ಬರೆಯಬೇಕೋ ‘ಉ’ ಬರೆಯಬೇಕೋ ಎಂದು ಹೆಂಡತಿಯೊಂದಿಗೆ ಜಗಳ ಈಗಲೇ ಶುರುವಾಗಿದೆ.